ಇಪ್ಪತ್ತೆರಡನೆಯ ಮೆಟ್ಟಿಲು

ಕಳೆದ ಕಾರ್ತಿಕ ಮಾಸದ ಒಂದು ಸಂಜೆ. ಪೂಜೆ ಮುಗಿಸಿ ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆ. ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳು ಒಂದು ಹಾಳೆ ಹಿಡಿದು ಬಂದು ಎದುರಿಗೆ ಕುಳಿತಳು.

"ಅಜ್ಜ, ಶಾಲೆಯಲ್ಲಿ ಕತೆಯ ಸ್ಪರ್ಧೆ ಇದೆ. ದೆವ್ವದ ಕತೆ. ನೂರೈವತ್ತು ಪದ. ಒಂದು ಪದ ಹೆಚ್ಚಾದರೂ ಸ್ಪರ್ಧೆಯಿಂದ ಹೊರಗೆ. ನಾನು ಬರೆದಿದ್ದೀನಿ, ಆದರೆ ಓದಿದರೆ ಯಾರಿಗೂ ಹೆದರಿಕೆಯೇ ಆಗುತ್ತಿಲ್ಲ. ನೀವು ತಿದ್ದಿಕೊಡಬೇಕು."

"ದೆವ್ವದ ಕತೆ ನನಗೆ ಬಾರದವ್ವಾ, ಬೇರೆ ಏನಾದರೂ ಕೇಳು" ಎಂದೆ. ಅದು ಸುಳ್ಳು. ದೆವ್ವದ ಕತೆ ಹೇಳುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಬರುತ್ತಿದ್ದುದರಿಂದಲೇ ಐವತ್ತು ವರ್ಷಗಳಿಂದ ಒಂದನ್ನೂ ಹೇಳಿರಲಿಲ್ಲ. ಅದರ ಕಾರಣವನ್ನು ಮೊದಲು ನಿವೇದಿಸಿಕೊಳ್ಳದೆ ಮುಂದಿನ ಮಾತು ಹೇಳುವುದು ಸರಿಯಲ್ಲ.

ನಾನು ಮಠವೊಂದರ ಉಚಿತ ಪ್ರಸಾದ ನಿಲಯದಲ್ಲಿ ಬೆಳೆದವನು. 1970ರ ಆಸುಪಾಸಿನ ಮಾತು. ರಾತ್ರಿ ಪ್ರಸಾದವಾದ ಮೇಲೆ ಉದ್ದನೆಯ ಪಡಸಾಲೆಯಲ್ಲಿ ಸಾಲಾಗಿ ಹಾಸಿಕೊಂಡು ಮಲಗುತ್ತಿದ್ದೆವು. ಕಂದೀಲು ಸಣ್ಣದು ಮಾಡಿದೊಡನೆ ಚಿಕ್ಕ ಹುಡುಗರು ನನ್ನ ಸುತ್ತ ಸೇರುತ್ತಿದ್ದರು. ಹಿತ್ತಿಲ ಬಾವಿಯಲ್ಲಿ ಇದ್ದಾಳೆಂದು ನಾನೇ ಕಟ್ಟಿದ ಒಬ್ಬ ಹೆಂಗಸಿನ ಕತೆಯನ್ನು ಅವರಿಗೆ ಹೇಳುತ್ತಿದ್ದೆ. ಮೊದಲ ರಾತ್ರಿ ಅವಳು ಬಾವಿಯ ತಳದಲ್ಲಿದ್ದಳು. ಎರಡನೆಯ ರಾತ್ರಿ ಬಾವಿಯ ಕಟ್ಟೆಯ ಮೇಲೆ ಕೈ ಇಟ್ಟಳು. ಹೀಗೆ ದಿನಕ್ಕೆ ನಾಲ್ಕು ಹೆಜ್ಜೆಯಂತೆ ಅವಳನ್ನು ನಮ್ಮ ಪಡಸಾಲೆಯ ಕಡೆಗೆ ನಡೆಸುತ್ತ ಬಂದೆ. ಪ್ರತಿ ರಾತ್ರಿಯೂ "ಉಳಿದದ್ದು ನಾಳೆ" ಎಂದು ಹೊದ್ದುಕೊಂಡು ಮಲಗಿಬಿಡುತ್ತಿದ್ದೆ. ನನಗೆ ನಿದ್ರೆ ಬರುತ್ತಿತ್ತು.

ಹೊಸದಾಗಿ ಸೇರಿದ್ದ ಒಬ್ಬ ಪುಟ್ಟ ಹುಡುಗನಿಗೆ ಮಾತ್ರ ಬರುತ್ತಿರಲಿಲ್ಲ. ರಾತ್ರಿ ಮೂತ್ರಕ್ಕೆ ಹೊರಗೆ ಹೋಗಬೇಕಾದರೆ ಬಾವಿಯನ್ನು ಹಾದು ಹೋಗಬೇಕು. ಅವನು ಹೋಗಲಾರದೆ ಹಾಸಿಗೆಯನ್ನು ಒದ್ದೆ ಮಾಡತೊಡಗಿದ. ಉಳಿದವರು ನಕ್ಕರು. ಹಿರಿಯರು "ಇವನನ್ನು ಹೆದರಿಸಿದವರು ಯಾರು?" ಎಂದು ಕೇಳಿದಾಗ ಎಲ್ಲರೂ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಒಂದು ಬೆಳಗ್ಗೆ ಅವನ ತಂದೆ ಬಂದು ಟ್ರಂಕು ಹೊತ್ತುಕೊಂಡು ಮಗನನ್ನು ಕರೆದುಕೊಂಡು ಹೋದರು. ಅವನು ಮತ್ತೆ ಬರಲಿಲ್ಲ. ಅವನ ಓದು ಮುಂದುವರಿಯಿತೋ ಇಲ್ಲವೋ ನಾನರಿಯೆ. ಆ ಕತೆಯ ಕೊನೆಯನ್ನೂ ನಾನು ಹೇಳಲಿಲ್ಲ. ಹೇಳಲು ಕೊನೆಯೇ ಇರಲಿಲ್ಲ.

ಇದೆಲ್ಲವನ್ನೂ ಆ ಸಂಜೆ ಮೊಮ್ಮಗಳಿಗೆ ಹೇಳಲಿಲ್ಲ. ಆದರೆ ಅವಳ ಹಾಳೆಯ ಮೇಲಿದ್ದ "150 ಪದ" ಎಂಬ ನಿಯಮ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಇದು ಮುಗಿಯಲೇಬೇಕಾದ ಕತೆ. "ಕೊಡು, ನೋಡೋಣ" ಎಂದೆ.

ಅವಳ ತಾಯಿಯ ತವರು ಹರಿಹರ. ದಾವಣಗೆರೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಆದ್ದರಿಂದ ಹುಡುಗಿಯೊಬ್ಬಳು ಸಂಜೆ ತುಂಗಭದ್ರೆಯ ದಂಡೆಗೆ ಹೋಗಿ ಪ್ರೇತವನ್ನು ಕಾಣುವ ಕತೆಯನ್ನು ಬರೆದಿದ್ದಳು. ನಾನು ಪೆನ್ಸಿಲು ಹಿಡಿದು ಪದಗಳನ್ನು ಎಣಿಸಿ, ಯಾವುದಕ್ಕೆ ಎಷ್ಟು ಖರ್ಚಾಗಿದೆ ಎಂದು ಅಂಚಿನಲ್ಲಿ ಲೆಕ್ಕ ಬರೆದೆ. ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು ಕಟ್ಟಿಸಿದ ವಿವರಕ್ಕೂ ಹುಡುಗಿಯ ಮನೆತನದ ಪರಿಚಯಕ್ಕೂ 90 ಪದ. ಹೊಳೆಗೆ ಹೋದದ್ದಕ್ಕೆ 30. ಬಿಳಿ ಸೀರೆಯ ಪ್ರೇತಕ್ಕೆ 10. ಅವಳು ಯಾರು, ಹೇಗೆ ಮುಳುಗಿ ಸತ್ತಳು ಎಂಬ ವಿವರಣೆಗೆ 20. ಲೆಕ್ಕ ಸರಿಯಾಗಿಯೇ ಇತ್ತು.

"ನೋಡವ್ವಾ, ನಿನ್ನ ಗಂಟಿನಲ್ಲಿ ಇದ್ದುದು ನೂರೈವತ್ತು ರೂಪಾಯಿ. ತೊಂಬತ್ತನ್ನು ಬಸ್ ಸ್ಟ್ಯಾಂಡಿನಲ್ಲಿಯೇ ಕಳೆದೆ. ಜಾತ್ರೆಗೆ ಹೋದಾಗ ಕೈಯಲ್ಲಿ ಹತ್ತು ಉಳಿದಿತ್ತು" ಎಂದೆ. ಅವಳು ನಕ್ಕಳು. ಆದರೆ ಪೋಲಾಳ್ವನನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಅದು ನಿಜವಾದ ಚರಿತ್ರೆಯಲ್ಲವೆ ಎಂದು ವಾದಿಸಿದಳು. ನಿಜವೇ. ಆದರೆ ಹೆದರಿಕೆಗೆ ಬೇಕಾದುದು ಸ್ಥಳದ ವಯಸ್ಸಲ್ಲ, ಆ ಸ್ಥಳದಲ್ಲಿ ಪಾದ ಎಲ್ಲಿ ಊರುತ್ತದೆ ಎಂಬುದು.

ಮಠದಲ್ಲಿ ನಮಗೆ ಛಂದಸ್ಸು ಹೇಳಿಕೊಟ್ಟ ಗುರುಗಳು ಭಾಮಿನೀ ಷಟ್ಪದಿಯನ್ನು ಕೈಬೆರಳ ಗೆಣ್ಣಿನ ಮೇಲೆ ಎಣಿಸಿ ಕಲಿಸಿದ್ದರು. ಅದರ ಆರು ಸಾಲುಗಳಲ್ಲಿ ನಾಲ್ಕಕ್ಕೆ ಹದಿನಾಲ್ಕು ಹದಿನಾಲ್ಕು ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲಿಗೆ ಮಾತ್ರ ಇಪ್ಪತ್ತಮೂರು. ಒಟ್ಟು 102 ಮಾತ್ರೆ. ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ. ಎರಡು ಚಿಕ್ಕ ಸಾಲುಗಳನ್ನು ಕೇಳಿದ ಕಿವಿ ಮೂರನೆಯದೂ ಹದಿನಾಲ್ಕಕ್ಕೆ ನಿಲ್ಲುವುದೆಂದು ಕಾಯುತ್ತದೆ. ಅದು ನಿಲ್ಲುವುದಿಲ್ಲ. ಮತ್ತೊಂದು ಏಳು ಮಾತ್ರೆ ಹರಿದು ಒಂದು ಗುರುವಿನ ಮೇಲೆ ನಿಲ್ಲುತ್ತದೆ. ಆ ತಡೆದ ನಿಲುಗಡೆಯಲ್ಲಿಯೇ ಷಟ್ಪದಿಯ ಜೀವ. ಅಳತೆ ಗಟ್ಟಿಯಾಗಿರುವುದರಿಂದಲೇ ಒಳಗೆ ಎಲ್ಲಿ ಬೇಗ, ಎಲ್ಲಿ ತಡ ಎಂಬುದು ಕಿವಿಗೆ ತಿಳಿಯುತ್ತದೆ.

ದೆವ್ವದ ಕತೆಯ ಹೆದರಿಕೆಯೂ ಈ ತಡದಲ್ಲಿಯೇ ಇದೆ. ದೆವ್ವ ಕಂಡ ಕ್ಷಣದಲ್ಲಿ ಮನುಷ್ಯ ಬೆಚ್ಚುತ್ತಾನೆ, ಅಷ್ಟಕ್ಕೆ ಅದು ಮುಗಿಯಿತು. ಕಾಣುವುದಕ್ಕೆ ಮೊದಲು, ಕಾಣಬಹುದೆಂದು ತಿಳಿದು ಕಾಯುವಾಗ ಒಳಗೆ ಬೆಳೆಯುವುದೇ ಭಯ. 150 ಪದಗಳಲ್ಲಿ ಈ ಕಾಯುವಿಕೆಗೆ ಎಷ್ಟು ಕೊಡುತ್ತೇವೆ ಎಂಬುದರ ಮೇಲೆ ಕತೆ ನಿಲ್ಲುತ್ತದೆ ಅಥವಾ ಬೀಳುತ್ತದೆ.

ಮುಂದಿನ ಭಾನುವಾರ ಅವಳನ್ನು ಕರೆದುಕೊಂಡು ಹರಿಹರಕ್ಕೆ ಹೋದೆ. ಬೀಗರ ಮನೆಯಲ್ಲಿ ಊಟ ಮುಗಿಸಿ, ಹೊತ್ತು ಇಳಿಯುವಾಗ ಹೊಳೆಯ ಮೆಟ್ಟಿಲುಗಳ ಹತ್ತಿರ ನಿಂತೆವು. "ಇಳಿದು ಹತ್ತಿ ಬಾ, ಏನೇನು ಗೊತ್ತಾಯಿತು ಹೇಳು" ಎಂದೆ. ಅವಳು ಓಡಿ ಇಳಿದಳು, ನಿಧಾನವಾಗಿ ಹತ್ತಿಬಂದಳು. "ಇಳಿಯುವಾಗ ನೀರು ಮುಂದೆ ಕಾಣುತ್ತಿತ್ತು ಅಜ್ಜ. ಹತ್ತುವಾಗ ಅದು ಬೆನ್ನ ಹಿಂದೆ" ಎಂದಳು. ಅಲ್ಲಿಗೆ ಕತೆ ಸಿಕ್ಕಿತು. ಇಳಿಯುವುದನ್ನು ಒಂದು ವಾಕ್ಯದಲ್ಲಿ ಮುಗಿಸಬೇಕು. ಹತ್ತುವಾಗ ಮೆಟ್ಟಿಲಿಗೊಂದು ಮಾತು ಕೊಡಬೇಕು. ಮೆಟ್ಟಿಲುಗಳನ್ನು ಎಣಿಸುವುದೇ ಕತೆಯ ತಾಳವಾಗಬೇಕು.

ತಾಳವೆಂದ ಮೇಲೆ ಒಂದು ಎಚ್ಚರ ಬೇಕು. ಸೋಮದೇವನ ಕಥಾಸರಿತ್ಸಾಗರದಲ್ಲಿ ಸೇರಿರುವ ಬೇತಾಳನ ಕತೆಗಳನ್ನು ನಾವೆಲ್ಲ ಬಲ್ಲೆವು. ರಾಜನು ಶವವನ್ನು ಹೆಗಲ ಮೇಲೆ ಹೊತ್ತು ಸ್ಮಶಾನದಲ್ಲಿ ನಡೆಯುತ್ತಾನೆ, ಅದರೊಳಗಿನ ಬೇತಾಳನು ಕತೆ ಹೇಳಿ ಪ್ರಶ್ನೆ ಕೇಳುತ್ತಾನೆ, ರಾಜನು ಮೌನ ಮುರಿದೊಡನೆ ಶವವು ಮರಳಿ ಮರಕ್ಕೆ ಸೇರುತ್ತದೆ. ಕತ್ತಲೆ, ಹೆಣ, ಸ್ಮಶಾನ ಎಲ್ಲವೂ ಇದ್ದು ನಮಗೆ ಅಲ್ಲಿ ಭಯವಾಗುವುದಿಲ್ಲ. ಹೆಣ ಮರಕ್ಕೆ ಮರಳುತ್ತದೆಂದು ಎರಡನೆಯ ಕತೆಗೇ ನಮಗೆ ತಿಳಿದುಹೋಗುತ್ತದೆ. ಮುರಿಯದ ತಾಳ ಜೋಗುಳವಾಗುತ್ತದೆ. ಭಯ ಬೇಕಾದರೆ ತಾಳವನ್ನು ಮೊದಲು ಕಟ್ಟಬೇಕು, ಕೇಳುವವನು ಅದನ್ನು ನಂಬಿದ ಮೇಲೆ ಒಂದೇ ಒಂದು ಪೆಟ್ಟನ್ನು ತಪ್ಪಿಸಬೇಕು. ಬೇಗ ತಪ್ಪಿಸಿದರೆ ತಾಳವೇ ಇರಲಿಲ್ಲವೆನಿಸುತ್ತದೆ, ಹಲವು ಸಲ ತಪ್ಪಿಸಿದರೆ ಅದೂ ಇನ್ನೊಂದು ತಾಳವಾಗುತ್ತದೆ.

ಆ ವಾರ ದಿನವೂ ಸಂಜೆ ಕುಳಿತು ತಿದ್ದಿದೆವು. ಕನ್ನಡದಲ್ಲಿ ಬರೆಯುವವರಿಗೇ ಬರುವ ಮೂರು ತೊಡಕುಗಳು ಎದುರಾದವು.

ಮೊದಲನೆಯದು ಪದದ ಎಣಿಕೆ. ನಮ್ಮ ಭಾಷೆಯಲ್ಲಿ ಪದಗಳು ಕೂಡಿಕೊಳ್ಳುತ್ತವೆ. ಹಾಳೆಯ ಮೇಲಿನ ಬರಿಯ ಜಾಗಗಳನ್ನು ನೋಡಿ ಎಣಿಸುವ ಪರೀಕ್ಷಕರಿಗೆ "ಬಿಳಿಸೀರೆಯುಟ್ಟುಕೊಂಡಿದ್ದವಳಾಗಿದ್ದಳು" ಎಂಬುದು ಒಂದೇ ಪದ. ಮೊಮ್ಮಗಳು ಈ ಉಪಾಯವನ್ನು ಕಂಡುಕೊಂಡು ಎಲ್ಲವನ್ನೂ ಅಂಟಿಸಿದ್ದಳು. ಎಣಿಕೆಯಲ್ಲಿ ಉಳಿತಾಯವಾಯಿತು, ಕಿವಿಯಲ್ಲಿ ನಷ್ಟವಾಯಿತು. ಅಂಟಿದ ಪದವನ್ನು ನಾಲಗೆ ಒಂದೇ ಉಸಿರಿಗೆ ಓಡಿಸಿಬಿಡುತ್ತದೆ. ಎಲ್ಲಿ ನಿಲ್ಲಬೇಕೋ ಅಲ್ಲಿಯೇ ಓಡುತ್ತದೆ. ಬಿಡಿಸಿ ಬರೆದು, ಬೇಡದ್ದನ್ನು ತೆಗೆಯುವುದೇ ಸರಿಯಾದ ದಾರಿ. "ಭಯಾನಕ", "ಭೀಕರ", "ನಿಗೂಢ" ಎಂಬ ಮೂರು ವಿಶೇಷಣಗಳನ್ನು ತೆಗೆದ ಕೂಡಲೆ ಮೂರು ಮೆಟ್ಟಿಲುಗಳಿಗೆ ಸ್ಥಳ ಸಿಕ್ಕಿತು.

ಎರಡನೆಯದು "ಅಂತೆ". "ಸದ್ದು ಕೇಳಿಸಿತಂತೆ", "ಹುಡುಗಿ ನಿಂತಳಂತೆ" ಎಂದು ಅವಳು ಬರೆದಿದ್ದಳು. ಮನೆಯಲ್ಲಿ ದೆವ್ವದ ಕತೆ ಹೇಳುವಾಗ ನಾವು ಹಾಗೆಯೇ ಹೇಳುತ್ತೇವೆ. ಆದರೆ "ಅಂತೆ" ಎಂಬುದು ಕೇಳುವವನಿಗೂ ಘಟನೆಗೂ ನಡುವೆ ನಿಲ್ಲುವ ಒಂದು ಗೋಡೆ. ಯಾರೋ ಯಾರಿಗೋ ಹೇಳಿದ್ದು, ನನಗೇನು ಎಂಬ ಧೈರ್ಯವನ್ನು ಅದು ಕೊಡುತ್ತದೆ. ಅದನ್ನು ಎಲ್ಲ ಕಡೆಯಿಂದ ತೆಗೆದೆವು. ಹುಡುಗಿ ನಿಂತಳು. ಸದ್ದು ನಿಂತಿತು. ಗೋಡೆ ಹೋಯಿತು.

ಮೂರನೆಯದು ಕ್ರಿಯಾಪದದ ಕೊನೆ. ನಮ್ಮಲ್ಲಿ "ಬಂದಳು" ಎಂದರೆ ಬಂದವಳು ಹೆಣ್ಣೆಂದು ತಿಳಿಯುತ್ತದೆ, "ಬಂದನು" ಎಂದರೆ ಗಂಡು. ದೆವ್ವವನ್ನು "ಅವಳು" ಎಂದೊಡನೆ ಅದಕ್ಕೊಂದು ಮುಖ, ಸೀರೆ, ಪೂರ್ವಕತೆ ಎಲ್ಲವೂ ಬಂದುಬಿಡುತ್ತವೆ. ಮುಖ ಬಂದೊಡನೆ ಭಯ ಅರ್ಧವಾಗುತ್ತದೆ. "ಇತು" ಎಂಬ ನಪುಂಸಕ ಪ್ರತ್ಯಯದಲ್ಲಿಯೇ ಕೊನೆಯವರೆಗೆ ಹೋಗೋಣ ಎಂದೆ. ಇಂಗ್ಲಿಷಿನ ಡಬ್ಲ್ಯು. ಡಬ್ಲ್ಯು. ಜೇಕಬ್ಸ್ 1902ರಲ್ಲಿ ಬರೆದ ಕೋತಿಯ ಪಂಜದ ಕತೆಯಲ್ಲಿ ಸತ್ತ ಮಗ ಮರಳಿ ಬಂದು ಬಾಗಿಲು ತಟ್ಟುತ್ತಾನೆ. ತಾಯಿ ಅಗಳಿ ತೆಗೆಯಲು ಹೆಣಗುತ್ತಾಳೆ. ಬಾಗಿಲು ತೆರೆದಾಗ ಹೊರಗೆ ಯಾರೂ ಇಲ್ಲ. ಓದುಗ ಕಂಡದ್ದೇನೂ ಇಲ್ಲ, ಕೇಳಿದ್ದು ಬಾಗಿಲ ಸದ್ದನ್ನು ಮಾತ್ರ. ಆದರೂ ನೂರು ವರ್ಷ ದಾಟಿ ಆ ಕತೆ ಹೆದರಿಸುತ್ತಿದೆ.

ಕೊನೆಗೆ ಅವಳು ಶಾಲೆಗೆ ಕೊಟ್ಟ ಕತೆ ಇದು. ಶೀರ್ಷಿಕೆಯನ್ನು ಬಿಟ್ಟು ಸರಿಯಾಗಿ 150 ಪದಗಳಿವೆ. ಓದುಗ ಬಂಧುಗಳು ಎಣಿಸಿ ನೋಡಬಹುದು.

ಇಪ್ಪತ್ತೊಂದು

"ಎಣಿಸುತ್ತ ಇಳಿ, ಎಣಿಸುತ್ತ ಹತ್ತು. ಇಪ್ಪತ್ತೊಂದು ಮೆಟ್ಟಿಲು. ನಡುವೆ ತಿರುಗಿ ನೋಡಬೇಡ" ಎಂದಳು ಅಜ್ಜಿ.

ಗೌರಿ ನಕ್ಕಳು. ಹೊಳೆಯ ದಂಡೆಯಲ್ಲಿ ಮರೆತು ಬಂದ ತಂಬಿಗೆ ತರುವುದಕ್ಕೆ ಇಷ್ಟು ಮಾತು ಬೇಕೆ?

ಗುಡಿಯಲ್ಲಿ ಗಂಟೆ ನಿಂತಿತ್ತು. ಹೊಳೆಯ ಮೇಲೆ ಇನ್ನೂ ಬೆಳಕಿತ್ತು. ಒಂದು, ಎರಡು, ಮೂರು ಎಂದು ಎಣಿಸುತ್ತ ಅವಳು ಓಡುತ್ತಲೇ ಇಳಿದಳು. ಇಪ್ಪತ್ತೊಂದಕ್ಕೆ ಪಾದಕ್ಕೆ ನೀರು ಸೋಕಿತು. ತಂಬಿಗೆ ಇಟ್ಟಲ್ಲಿಯೇ ಇತ್ತು. ಅದರ ತುಂಬ ನೀರಿತ್ತು. ತಾನು ಅದನ್ನು ಬರಿದಾಗಿಯೇ ಇಟ್ಟ ನೆನಪು.

ನೀರು ಚೆಲ್ಲಿ, ತಂಬಿಗೆ ಎತ್ತಿಕೊಂಡು ಅವಳು ಹತ್ತತೊಡಗಿದಳು.

ಒಂದು. ಎರಡು. ಮೂರು. ಕಲ್ಲಿನ ಮೇಲೆ ಒದ್ದೆ ಪಾದದ ಸದ್ದು. ಅದು ತನ್ನದೇ ಪಾದ.

ಎಂಟನೆಯ ಮೆಟ್ಟಿಲಿನಲ್ಲಿ ಲಂಗ ಎತ್ತಿ ಹಿಡಿಯಲು ನಿಂತಳು. ಸದ್ದು ನಿಂತಿತು.

ಒಂಬತ್ತು. ಹತ್ತು. ಹನ್ನೊಂದು.

ಹನ್ನೆರಡರಲ್ಲಿ ಸುಮ್ಮನೆ ನಿಂತು ನೋಡಿದಳು. ಸದ್ದು ನಿಂತಿತು. ಆದರೆ ಒಂದು ಹೆಜ್ಜೆ ತಡವಾಗಿ ನಿಂತಿತು.

ಅವಳ ಪಾದ ಆಗಲೇ ಒಣಗಿತ್ತು.

ಹದಿಮೂರು. ಕೆಳಗೆ ಹೊಳೆ ಹರಿಯುವುದು ಕೇಳಿಸುತ್ತಿತ್ತು.

ಹದಿನಾಲ್ಕು. ಹೊಳೆ ಹರಿಯುವುದು ಕೇಳಿಸುತ್ತಿರಲಿಲ್ಲ.

ಹದಿನೈದು. ತಂಬಿಗೆ ಭಾರವಾಗಿತ್ತು. ಚೆಲ್ಲಿದ ನೀರು ಮತ್ತೆ ತುಂಬಿರಲಾರದು. ಒಳಗೆ ನೋಡಲಿಲ್ಲ.

ಹದಿನಾರು. ಹದಿನೇಳು. ಸದ್ದು ಈಗ ಒಂದೇ ಮೆಟ್ಟಿಲು ಕೆಳಗಿತ್ತು.

ಹದಿನೆಂಟು. ಮೇಲೆ ಮನೆಯ ದೀಪ ಕಂಡಿತು.

ಹತ್ತೊಂಬತ್ತು. ದೀಪದ ಬಳಿ ಅಜ್ಜಿ ನಿಂತಿದ್ದಳು.

ಇಪ್ಪತ್ತು. ಅಜ್ಜಿ ಗೌರಿಯನ್ನು ನೋಡುತ್ತಿರಲಿಲ್ಲ. ಗೌರಿಯ ಹಿಂದೆ ನೋಡುತ್ತಿದ್ದಳು.

ಇಪ್ಪತ್ತೊಂದು. ಮೆಟ್ಟಿಲು ಮುಗಿಯಿತು. ಗೌರಿ ಉಸಿರು ಬಿಟ್ಟಳು.

ಅವಳ ಕಿವಿಯ ಹತ್ತಿರ, ಒದ್ದೆ ದನಿಯೊಂದು ಎಣಿಸಿತು: "ಇಪ್ಪತ್ತೆರಡು."

ಇಲ್ಲಿಯ ಖರ್ಚುವೆಚ್ಚವನ್ನು ಮೊದಲ ಹಾಳೆಯೊಡನೆ ಹೋಲಿಸಬೇಕು. ಇಪ್ಪತ್ತೊಂದು ಮೆಟ್ಟಿಲು ಇಳಿಯುವುದಕ್ಕೆ ಎಂಟೇ ಪದ. ಅದೇ ಇಪ್ಪತ್ತೊಂದು ಮೆಟ್ಟಿಲು ಹತ್ತುವುದಕ್ಕೆ ಎಂಬತ್ತೈದು. ಅದರಲ್ಲಿಯೂ ಮೊದಲ ಹನ್ನೆರಡಕ್ಕೆ ಮೆಟ್ಟಿಲೊಂದಕ್ಕೆ ಸರಾಸರಿ ಮೂರು ಪದ ಬಂದರೆ, ಉಳಿದ ಒಂಬತ್ತಕ್ಕೆ ಐದರಂತೆ ಬರುತ್ತದೆ. ಮನೆ ಹತ್ತಿರವಾದಷ್ಟೂ ಕತೆ ನಿಧಾನವಾಗುತ್ತದೆ. ಎಂಟನೆಯ ಮೆಟ್ಟಿಲಲ್ಲಿ ಸದ್ದು ಸರಿಯಾಗಿ ನಿಂತಿತು, ಅದು ತಾಳ. ಹನ್ನೆರಡರಲ್ಲಿ ಒಂದು ಹೆಜ್ಜೆ ತಡವಾಯಿತು. ಅದೇ ತಪ್ಪಿದ ಪೆಟ್ಟು. ಹದಿನಾರು, ಹದಿನೇಳನ್ನು ಜೋಡಿಸಿ ಹೇಳಿದ್ದು ಅವಳದೇ ಉಪಾಯ. ಎಲ್ಲ ಮೆಟ್ಟಿಲಿಗೂ ಒಂದೊಂದು ಸಾಲು ಬಂದರೆ ಪಟ್ಟಿಯಾಗುತ್ತದೆ, ಹುಡುಗಿ ಅಲ್ಲಿ ಹೆದರಿ ಎರಡು ಮೆಟ್ಟಿಲು ಬೇಗ ಹತ್ತಲಿ ಎಂದಳು. ನನಗೆ ಅದು ಹೊಳೆದಿರಲಿಲ್ಲ.

ಕತೆ ಸರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಗಟ್ಟಿಯಾಗಿ ಓದುವುದೊಂದೇ ಉಪಾಯ. ನನ್ನ ಸೊಸೆ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಮೊಮ್ಮಗಳು ಬಾಗಿಲಲ್ಲಿ ನಿಂತು ಓದಿದಳು. ಮೊದಲ ಭಾಗದಲ್ಲಿ ರೊಟ್ಟಿಯ ಸದ್ದು ಹಾಗೆಯೇ ಇತ್ತು. ಹನ್ನೆರಡನೆಯ ಮೆಟ್ಟಿಲಿಗೆ ನಿಂತಿತು. "ಮಾವನವರೇ, ರಾತ್ರಿ ಹೊತ್ತು ಮಕ್ಕಳಿಂದ ಇದೆಲ್ಲ ಯಾಕೆ ಓದಿಸುತ್ತೀರಿ?" ಎಂದು ಗದರಿದಳು. ಕತೆ ಗೆದ್ದಿತೆಂದು ನಾನು ಹಿಗ್ಗಿದೆ.

ಆ ಹಿಗ್ಗು ಹೆಚ್ಚು ಹೊತ್ತು ಉಳಿಯಲಿಲ್ಲ. ಆರು ವರ್ಷದ ಮೊಮ್ಮಗ ಒಳಕೋಣೆಯಲ್ಲಿ ಮಲಗಿದ್ದಾನೆಂದು ತಿಳಿದಿದ್ದೆವು. ಅವನು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದ್ದ. ನಡುರಾತ್ರಿ ನನ್ನ ಹಾಸಿಗೆಯ ಹತ್ತಿರ ಬಂದು ಅಂಗಿ ಎಳೆದ. "ಅಜ್ಜ, ಬಚ್ಚಲಿಗೆ ಹೋಗಬೇಕು. ನೀವೂ ಬನ್ನಿ" ಎಂದ. ನಮ್ಮ ಮನೆಯ ಬಚ್ಚಲಿಗೆ ಹೋಗಲು ಹಿತ್ತಿಲಿಗೆ ಮೂರು ಮೆಟ್ಟಿಲು ಇಳಿಯಬೇಕು. ಅವನ ಕೈ ಹಿಡಿದು ಇಳಿಯುವಾಗ ನನ್ನ ಕಾಲು ನಡುಗಿತು. ಐವತ್ತು ವರ್ಷದ ಹಿಂದಿನ ಪಡಸಾಲೆ, ಕಂದೀಲು, ಆ ಹುಡುಗನ ಟ್ರಂಕು ಎಲ್ಲವೂ ಒಮ್ಮೆಗೇ ಕಣ್ಣೆದುರು ಬಂದವು.

ತೊಂಬತ್ತರ ದಶಕದಲ್ಲಿ ನಮ್ಮ ನಾಡಿನಲ್ಲಿ ಮನೆಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ರಾತ್ರಿ ದೆವ್ವವೊಂದು ಬಂದು ಮನೆಯವರ ದನಿಯಲ್ಲಿಯೇ ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ, ಬಾಗಿಲ ಬರಹ ಓದಿ ಅದು ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ಸುದ್ದಿ ಬೆಂಗಳೂರಿನಿಂದ ಹಿಡಿದು ಊರೂರಿಗೆ ಹಬ್ಬಿತ್ತು. ಬರೆದವರು ಬುದ್ಧಿವಂತಿಕೆಯೆಂದುಕೊಂಡರು. ನಾನು ಈಗ ಯೋಚಿಸುತ್ತೇನೆ: "ನಾಳೆ ಬಾ" ಎಂದು ಬರೆದ ಮನೆಯವನಿಗೆ ದೆವ್ವ ನಾಳೆ ಬರುವುದು ಖಚಿತವಾಯಿತು, ನಾಡಿದ್ದೂ ಖಚಿತವಾಯಿತು. ಅವನು ಭಯವನ್ನು ಓಡಿಸಲಿಲ್ಲ, ಅದಕ್ಕೆ ದಿನವೂ ಸಮಯ ಗೊತ್ತುಮಾಡಿಕೊಟ್ಟ. ನಾನು ಆ ಹುಡುಗನಿಗೆ ಮಾಡಿದ್ದೂ ಅದನ್ನೇ. "ಉಳಿದದ್ದು ನಾಳೆ" ಎಂದು ಪ್ರತಿ ರಾತ್ರಿ ಅವನ ಬಾಗಿಲ ಮೇಲೆ ಬರೆದೆ. ತಡ ಮಾಡುವ ವಿದ್ಯೆ ನನಗೆ ತಿಳಿದಿತ್ತು, ಮುಗಿಸುವ ಹೊಣೆ ತಿಳಿದಿರಲಿಲ್ಲ. ಅಳತೆಯಿಲ್ಲದ ಕತೆ ಕೇಳಿದವನನ್ನು ಬಿಟ್ಟುಕೊಡುವುದಿಲ್ಲ.

ಮೊಮ್ಮಗನಿಗೆ ಆ ರಾತ್ರಿಯೇ ಕೇಳಿದೆ: "ನಿನಗೆ ಯಾವುದರ ಹೆದರಿಕೆಯಪ್ಪಾ?"

"ಇಪ್ಪತ್ತೆರಡನೆಯ ಮೆಟ್ಟಿಲು ಎಲ್ಲಿದೆ ಅಜ್ಜ?"

"ನನಗೆ ಗೊತ್ತಿಲ್ಲ. ನಾಳೆ..." ಎನ್ನಹೊರಟವನು ತಡೆದುಕೊಂಡೆ. "ಬೆಳಗಾದೊಡನೆ ಮೊದಲ ಬಸ್ಸಿಗೆ ಹೋಗಿ ಎಣಿಸಿ ಬರೋಣ" ಎಂದೆ. ಅವನು ನನ್ನ ಪಕ್ಕದಲ್ಲಿಯೇ ಮಲಗಿದ.

ಬೆಳಗಿನ ಬಿಸಿಲಿನಲ್ಲಿ ಹರಿಹರದ ಹೊಳೆಯ ದಂಡೆ ಬೇರೆಯೇ ಲೋಕವಾಗಿತ್ತು. ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಮೊಮ್ಮಗ ಒಂದೊಂದೇ ಮೆಟ್ಟಿಲನ್ನು ಕೂಗಿ ಎಣಿಸುತ್ತ ಇಳಿದ, ಎಣಿಸುತ್ತ ಹತ್ತಿದ. ಎರಡೆಣಿಕೆಯೂ ಕೂಡಲಿಲ್ಲ. ಮತ್ತೆ ಇಳಿದ. ಅಷ್ಟರಲ್ಲಿ ಒಗೆಯುತ್ತಿದ್ದ ಒಬ್ಬ ಹಿರಿಯ ತಾಯಿ ನಕ್ಕು, "ಹೊಳೆ ಮೆಟ್ಟಿಲು ಯಾರ ಲೆಕ್ಕಕ್ಕೂ ಸಿಗಲ್ಲ ಮಗಾ. ಮಳೆಗಾಲದಾಗೆ ನೀರು ಏರಿದ್ರೆ ಕಡಿಮೆ ಆಗ್ತಾವೆ, ಬ್ಯಾಸಿಗ್ಯಾಗೆ ಇಳಿದ್ರೆ ಹೆಚ್ಚಾಗ್ತಾವೆ. ನೀರೊಳಗೂ ಅದಾವೆ, ಕಾಲು ಇಟ್ಟು ನೋಡು" ಎಂದಳು. ನಾನು ಅವನ ಎರಡು ರಟ್ಟೆಗಳನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಒಂದು ಕಾಲನ್ನು ನೀರಿಗೆ ಇಳಿಬಿಟ್ಟು ತಡಕಿದ. ಕೆಳಗೆ ಕಲ್ಲು ತಾಗಿತು. "ಸಿಕ್ಕಿತು ಅಜ್ಜ! ಇಲ್ಲಿ ಇನ್ನೊಂದು ಇದೆ!" ಎಂದು ಕೂಗಿದ.

ಅಂದಿನಿಂದ ಅವನು ಅಕ್ಕನ ಕತೆಯನ್ನು ಬಂದವರಿಗೆಲ್ಲ ತಾನೇ ಹೇಳುತ್ತಾನೆ. ಕೊನೆಗೆ "ಇಪ್ಪತ್ತೆರಡು ನೀರೊಳಗಿದೆ, ನಾನು ಮುಟ್ಟಿ ಬಂದಿದ್ದೇನೆ" ಎಂದು ಸೇರಿಸುತ್ತಾನೆ. ಅಕ್ಕನಿಗೆ ಇದರಿಂದ ಕೋಪ. ಕತೆಯ ಕೊನೆಯೇ ಕೆಟ್ಟಿತು ಎನ್ನುತ್ತಾಳೆ. ಸ್ಪರ್ಧೆಯ ದೃಷ್ಟಿಯಿಂದ ಅವಳ ಮಾತು ಸರಿ. ಅಲ್ಲಿ ಕುಳಿತು ಕೇಳುವವರು ಹದಿನಾಲ್ಕು ಹದಿನೈದು ವರ್ಷದವರು, ಅವರಿಗೆ "ಇಪ್ಪತ್ತೆರಡು" ಎಂಬಲ್ಲಿಯೇ ನಿಲ್ಲಬೇಕು. ಮನೆಯಲ್ಲಿ ಆರು ವರ್ಷದವನು ಕೇಳಿದ್ದರೆ ಅವನ ಕೈಯನ್ನು ಆ ಕಲ್ಲಿಗೆ ಮುಟ್ಟಿಸಿ ನಿಲ್ಲಬೇಕು.

ಬಹುಮಾನ ಬಂದಿತೇ ಎಂದು ಓದುಗರು ಕೇಳಬಹುದು. ಸಮಾಧಾನಕರ ಬಹುಮಾನವಾಗಿ ಒಂದು ಪೆನ್ನು ಬಂದಿತು. "ಹಿಂದೆ ಬಂದದ್ದು ಯಾರು ಎಂದು ಸ್ಪಷ್ಟವಾಗಿಲ್ಲ" ಎಂದು ಪರೀಕ್ಷಕರು ಹಾಳೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರು. ಮೊಮ್ಮಗಳು ಅದನ್ನು ನನಗೆ ತೋರಿಸಿ, "ನೋಡಿ ಅಜ್ಜ, ಅವರಿಗೂ ಹೆದರಿಕೆಯಾಗಿದೆ" ಎಂದಳು.

ಆ ಪೆನ್ನನ್ನು ಅವಳು ನನಗೇ ಕೊಟ್ಟಳು. ಈ ಬರಹವನ್ನು ಅದರಲ್ಲಿಯೇ ಬರೆದಿದ್ದೇನೆ. ಆ ಪಡಸಾಲೆಯಲ್ಲಿ ನನ್ನ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗ ಈಗ ಅರವತ್ತರ ಹತ್ತಿರದವನಾಗಿರಬೇಕು. ಈ ಪುಟ ಅವನ ಮನೆಗೂ ಹೋಗುತ್ತಿದ್ದರೆ ಒಂದು ಮಾತು. ಬಾವಿಯ ಆ ಹೆಂಗಸು ಪಡಸಾಲೆಗೆ ಬರಲಿಲ್ಲ, ತಮ್ಮಾ. ನಾನು ಕಟ್ಟಿದವಳು ಅವಳು. ಬಾವಿಯಲ್ಲಿ ನೀರಿತ್ತು, ಅಷ್ಟೆ. ಅಂದು ಹಿರಿಯರು ಕೇಳಿದಾಗ ಎದ್ದು ನಿಲ್ಲಬೇಕಾಗಿದ್ದವನು ನಾನು. ಕತೆ ಇಲ್ಲಿಗೆ ಮುಗಿಯಿತು.